ಎರಡು ನಿಮಿಷದ ಬೀಳ್ಕೊಡುಗೆ ಮಾತು

ಮಾರ್ಚ್ ತಿಂಗಳ ಒಂದು ಸಂಜೆ, ದೋಹಾದ ನಮ್ಮ ಮನೆಗೆ ದಾವಣಗೆರೆ ಕಡೆಯ ಗೆಳೆಯರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ನಾಲ್ಕನೇ ತರಗತಿ. ವಾರ ಕಳೆದರೆ ಅವಳ ಕ್ಲಾಸ್ ಟೀಚರಿಗೆ ಬೀಳ್ಕೊಡುಗೆ. ತರಗತಿಯ ಪರವಾಗಿ ಎರಡು ನಿಮಿಷ ಮಾತನಾಡಲು ಇವಳನ್ನು ಆರಿಸಿದ್ದರು. ತಂದೆಯ ಕೈಯಲ್ಲಿ ಎರಡು ಪುಟದ ಇಂಗ್ಲಿಷ್ ಭಾಷಣ ಸಿದ್ಧವಾಗಿತ್ತು. "ಬರೆದು ಕೊಟ್ಟೀನಿ ಡಾಕ್ಟ್ರೇ, ಬಾಯಿಪಾಠ ಆಗ್ತಾ ಇಲ್ಲ. ನೆನಪಿನ ಶಕ್ತಿಗೆ ಏನಾದ್ರೂ ಟಾನಿಕ್ ಬರೆದು ಕೊಡ್ರಿ" ಎಂದರು.

ನಾನು ಮಕ್ಕಳ ವೈದ್ಯನಲ್ಲ; ದೊಡ್ಡವರ ಕಾಯಿಲೆ ನೋಡುವವನು. ಆದರೂ ಭಾಷಣವನ್ನು ಓದಿದೆ. ತಾನು ಉರಿದು ಬೆಳಕು ಕೊಡುವ ಮೇಣದಬತ್ತಿ ಅದರಲ್ಲಿತ್ತು, ಸಸಿಗೆ ನೀರೆರೆಯುವ ತೋಟಗಾರನಿದ್ದ, ಕಲ್ಲನ್ನು ಮೂರ್ತಿಯಾಗಿಸುವ ಶಿಲ್ಪಿಯೂ ಇದ್ದ. ಇಲ್ಲದೆ ಇದ್ದವರು ಟೀಚರ್ ಒಬ್ಬರೇ. ಹೆಸರೊಂದನ್ನು ಬದಲಿಸಿದರೆ ಅದನ್ನು ಯಾವ ಊರಿನ ಯಾವ ಶಾಲೆಯಲ್ಲಿ ಬೇಕಾದರೂ ಓದಬಹುದಿತ್ತು. ನಾನೂರು ಪದಗಳಿದ್ದವು. ಆ ವಯಸ್ಸಿನ ಮಗು ನಿಧಾನವಾಗಿ, ಕೇಳುವವರಿಗೆ ತಿಳಿಯುವಂತೆ ಇಂಗ್ಲಿಷ್ ಮಾತನಾಡಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಪದ. ಅಂದರೆ ಎರಡು ನಿಮಿಷದ ಜಾಗದಲ್ಲಿ ನಾಲ್ಕು ನಿಮಿಷದ ಸರಕು. ಟಾನಿಕ್ ಬೇಕಾಗಿದ್ದುದು ಮಗುವಿಗಲ್ಲ.

ಬೀಳ್ಕೊಡುಗೆ ಏಕೆಂದು ಕೇಳಿದೆ. ಕೊಲ್ಲಿ ರಾಷ್ಟ್ರಗಳಿಗೆ ಬರಬೇಕೆಂದು ಯೋಚಿಸುತ್ತಿರುವವರು ತಿಳಿದಿರಬೇಕಾದ ಸಂಗತಿ ಇದು. ನಮ್ಮೂರಿನಲ್ಲಿ ಮೇಷ್ಟರಿಗೆ ವರ್ಗವಾಗುತ್ತದೆ, ಇಲ್ಲವೇ ನಿವೃತ್ತಿಯಾಗುತ್ತದೆ. ವರ್ಗವಾದರೂ ಪಕ್ಕದ ತಾಲ್ಲೂಕಿಗೆ. ಸಂತೆಯಲ್ಲೋ ಜಾತ್ರೆಯಲ್ಲೋ ಮತ್ತೆ ಕಾಣಸಿಗುತ್ತಾರೆ. ಕತಾರಿನಲ್ಲಿ ಭಾರತೀಯ ಶಾಲೆಗಳು ಹಳೆಯವೇ. 1974ರಷ್ಟು ಹಿಂದೆ ಆರಂಭವಾದ ಶಾಲೆಯೂ ಇದೆ. ಆದರೆ ಅಲ್ಲಿ ಕಲಿಸುವವರ, ಕಲಿಯುವವರ ವಾಸ ಉದ್ಯೋಗಕ್ಕೆ ಕಟ್ಟುಬಿದ್ದದ್ದು. ಕಾಯಂ ವಾಸಕ್ಕೆ ಅವಕಾಶ ಕೊಡುವ ಕಾನೂನು 2018ರಲ್ಲಿ ಬಂದಿದೆಯಾದರೂ ಅದು ಬಹಳ ಕೆಲವರಿಗೆ ಮಾತ್ರ. ಎಷ್ಟೋ ಅಧ್ಯಾಪಕಿಯರು ಗಂಡನ ವೀಸಾದ ಮೇಲೆ ಇಲ್ಲಿರುವವರು. ಗಂಡನ ಗುತ್ತಿಗೆ ಮುಗಿದರೆ ಇಡೀ ಸಂಸಾರವೇ ಕೆಲವೇ ವಾರಗಳಲ್ಲಿ ಗಂಟುಮೂಟೆ ಕಟ್ಟಬೇಕು. ಈ ಟೀಚರ್ ಪಾಲಕ್ಕಾಡಿನ ಕಡೆಯವರು; ಅವರ ಮನೆಯಲ್ಲಿ ಆದದ್ದೂ ಅದೇ. ಇಲ್ಲಿಯ ಮಕ್ಕಳು ಪ್ರತಿ ವರ್ಷ ಒಬ್ಬರಲ್ಲ ಒಬ್ಬರನ್ನು ವಿಮಾನ ಹತ್ತಿಸುತ್ತಾರೆ: ಪಕ್ಕದ ಬೆಂಚಿನ ಗೆಳತಿಯನ್ನು, ಎದುರು ಫ್ಲ್ಯಾಟಿನ ಆಂಟಿಯನ್ನು, ಟೀಚರನ್ನು. ಇವರಲ್ಲಿ ಹೆಚ್ಚಿನವರನ್ನು ಮತ್ತೆ ನೋಡುವುದಿಲ್ಲ. ಹಾಗಾಗಿ ಇಲ್ಲಿ ಆ ಎರಡು ನಿಮಿಷ ಕಾರ್ಯಕ್ರಮಪಟ್ಟಿಯ ಒಂದು ಸಾಲಾಗಿ ಉಳಿಯುವುದಿಲ್ಲ. ಮಗು ಹೇಳಬೇಕಾದದ್ದನ್ನು ಹೇಳಲು ಇರುವ ಕೊನೆಯ ಅವಕಾಶ ಅದು. ಅದರಲ್ಲಿ ಅಪ್ಪನ ಮೇಣದಬತ್ತಿಯನ್ನು ಹಚ್ಚಿದರೆ ಮಗುವಿನ ಮಾತು ಒಳಗೇ ಉಳಿದುಬಿಡುತ್ತದೆ.

ಕಾಗದವನ್ನು ಪಕ್ಕಕ್ಕಿಟ್ಟು ಹುಡುಗಿಯನ್ನು ಕನ್ನಡದಲ್ಲಿ ಕೇಳಿದೆ: "ನಿಮ್ಮ ಟೀಚರ್ ನಿನಗೋಸ್ಕರ ಮಾಡಿದ್ದು ಒಂದೇ ಒಂದು ಹೇಳು. ಒಳ್ಳೆಯವರು, ಪ್ರೀತಿಯವರು ಅನ್ನಬೇಡ. ಏನು ಮಾಡಿದರು, ಅದನ್ನು ಹೇಳು." ಸ್ವಲ್ಪ ಹೊತ್ತು ಸುಮ್ಮನಿದ್ದು ತನ್ನ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ತೋರಿಸಿದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಕಥೆ ಹೊರಬಂತು.

ಅವಳಿಗೆ ಉಬ್ಬಸ. ಇಲ್ಲಿ ವಾಯವ್ಯದಿಂದ ಬೀಸುವ ಶಮಾಲ್ ಗಾಳಿಗೆ ದೂಳೆದ್ದ ದಿನ ಅಂಥ ಮಕ್ಕಳ ಎದೆ ಬಿಗಿಯುವುದುಂಟು. ಒಂದು ದಿನ ಆಟದ ಪೀರಿಯಡ್‌ನಲ್ಲಿ ಇವಳ ಉಸಿರು ಕಟ್ಟಿತು. ಟೀಚರ್ ಕೈಹಿಡಿದು ಶಾಲೆಯ ಕ್ಲಿನಿಕ್‌ಗೆ ಕರೆದೊಯ್ದರು. ನರ್ಸ್ ಇನ್‌ಹೇಲರನ್ನು ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಜೋಡಿಸಿ ಕೊಟ್ಟರು. ಇದರಲ್ಲಿ ಒಂದು ಕ್ರಮವಿದೆ: ಒಮ್ಮೆ ಒತ್ತಿದ ಮೇಲೆ ಕೊಳವೆಯಿಂದ ಬಾಯಿ ತೆಗೆಯದೆ ಸುಮಾರು ಐದು ಸಲ ನಿಧಾನವಾಗಿ ಉಸಿರಾಡಬೇಕು, ಆಮೇಲೆ ಕುಲುಕಿ ಮತ್ತೊಮ್ಮೆ ಒತ್ತಬೇಕು. ಹೆದರಿದ ಮಗು ಆತುರಾತುರವಾಗಿ ಏದುಸಿರು ಬಿಡುತ್ತದೆ, ಔಷಧಿ ಎದೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಟೀಚರ್ ಎದುರಿಗೆ ಮಂಡಿಯೂರಿ ಕೂತು, ಒಂದೊಂದು ಉಸಿರಿಗೂ ಒಂದೊಂದು ಬೆರಳು ಮಡಚುತ್ತ ತಮ್ಮ ಮಲಯಾಳದಲ್ಲಿ ಎಣಿಸಿದರಂತೆ: ಒನ್ನು, ರಂಡು, ಮೂನ್ನು, ನಾಲ್, ಅಂಜು.

"ಐದಕ್ಕೆ ಅವರು ಅಂಜು ಅಂತಾರೆ ಅಂಕಲ್! ನಂಗೆ ನಗು ಬಂದ್ಬಿಡ್ತು" ಎಂದಳು. ಅಂಜಿದ್ದ ಮಗುವಿಗೆ ಅಂಜು ಎನ್ನುವವರನ್ನು ಕಂಡು ನಗು. ನಕ್ಕ ಮೇಲೆ ಉಸಿರು ತಾನಾಗಿ ನಿಧಾನವಾಯಿತು. ನಾನೂ ನಕ್ಕೆ. ಭಾಷಣ ಇಲ್ಲಿದೆಯಲ್ಲ ಎಂದು ತಂದೆಯ ಮುಖ ನೋಡಿದೆ.

ಅವರ ಮುಖ ಬಾಡಿತ್ತು. "ಉಬ್ಬಸದ ವಿಷಯ ಸ್ಟೇಜ್ ಮೇಲೆ ಬ್ಯಾಡ್ರಿ. ಹೆಣ್ಣು ಹುಡುಗಿ. ವಿಡಿಯೊ ಊರಿಗೆ ಹೋಗ್ತದೆ. ನಾಳೆ ಎಲ್ರಿಗೂ ಗೊತ್ತಾದ್ರೆ ಹೆಂಗೆ?"

ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಬ್ಬರ ಕಾಯಿಲೆಯನ್ನು ಇನ್ನೊಬ್ಬರು ಬಯಲು ಮಾಡಬಾರದೆಂಬುದು ನನ್ನ ವೃತ್ತಿಯ ಮೊದಲ ಪಾಠಗಳಲ್ಲೊಂದು. ಆದರೆ ಗುಟ್ಟು ಬೇರೆ, ನಾಚಿಕೆ ಬೇರೆ. ನಾಚಿಕೆಯಿಂದ ಮುಚ್ಚಿಟ್ಟ ಉಬ್ಬಸ ಅಪಾಯಕಾರಿ. ಶಾಲೆಗೆ ತಿಳಿಸದ ತಂದೆತಾಯಿ, ಸಹಪಾಠಿಗಳ ಮುಂದೆ ಇನ್‌ಹೇಲರ್ ತೆಗೆಯಲು ಸಂಕೋಚಪಡುವ ಮಗು, ಕೊನೆಗೆ ತುರ್ತು ವಿಭಾಗ – ಈ ದಾರಿಯಲ್ಲಿ ಬಂದವರನ್ನು ವೈದ್ಯರು ನೋಡುತ್ತಲೇ ಇರುತ್ತಾರೆ. ಈ ಮಗುವಿನ ಕಾಯಿಲೆಯನ್ನು ಅರಿತಿದ್ದ ಟೀಚರ್ ಹೊರಟಿದ್ದಾರೆ. ಏಪ್ರಿಲ್‌ನಲ್ಲಿ ಬರುವ ಹೊಸಬರಿಗೆ ಯಾರಾದರೂ ಮತ್ತೆ ಹೇಳಲೇಬೇಕು. ಅಂದೇ ತಾಯಿಯಿಂದ ಒಂದು ಕಾಗದ ಬರೆಸಿದೆ: ಔಷಧಿಯ ಹೆಸರು, ಯಾವ ಲಕ್ಷಣ ಕಂಡಾಗ ಕೊಡಬೇಕು, ಎಷ್ಟು ಸಲ ಒತ್ತಬೇಕು, ಎಷ್ಟಕ್ಕೂ ಕಡಿಮೆಯಾಗದಿದ್ದರೆ ಏನು ಮಾಡಬೇಕು, ಇಬ್ಬರ ಫೋನ್ ನಂಬರ್. ಅವಳನ್ನು ನೋಡುವ ಮಕ್ಕಳ ವೈದ್ಯರ ಸಹಿ ಹಾಕಿಸಿ ಒಂದು ಪ್ರತಿ ಕ್ಲಿನಿಕ್‌ಗೆ, ಒಂದು ಹೊಸ ಕ್ಲಾಸ್ ಟೀಚರಿಗೆ ಕೊಡಲು ಹೇಳಿದೆ. ಮಕ್ಕಳೊಂದಿಗೆ ಇಲ್ಲಿಗೆ ಬರುವವರು ಪ್ರತಿ ಏಪ್ರಿಲ್‌ನಲ್ಲೂ ಈ ಕಾಗದವನ್ನು ಹೊಸದಾಗಿ ಕೊಡಬೇಕು. ಹೋದ ವರ್ಷ ತಿಳಿದಿದ್ದವರು ಈ ವರ್ಷ ಇರುತ್ತಾರೆಂಬ ಭರವಸೆಯಿಲ್ಲ.

ವೇದಿಕೆಯ ಮಾತು ಇನ್ನೊಂದು ಪ್ರಶ್ನೆ. ಅದನ್ನು ತೀರ್ಮಾನಿಸುವುದು ತಂದೆಯೂ ಅಲ್ಲ, ನಾನೂ ಅಲ್ಲ ಎಂದೆ. ಒತ್ತಾಯವಾಗಬಾರದೆಂದು ನಾವಿಬ್ಬರೂ ಹೊರಗೆ ಹೋಗಿ, ತಾಯಿ ಮಾತ್ರ ಕೇಳಿದರು. ಹುಡುಗಿಯ ಉತ್ತರ ಅಷ್ಟು ದೊಡ್ಡ ಚರ್ಚೆಯನ್ನು ಅರೆಕ್ಷಣದಲ್ಲಿ ಮುಗಿಸಿತು: "ಕ್ಲಾಸಲ್ಲಿ ಎಲ್ರಿಗೂ ಗೊತ್ತಲ್ಲಮ್ಮ, ಬ್ಯಾಗಲ್ಲೇ ಇರುತ್ತಲ್ಲ."

ಆಮೇಲೆ ಕೆಲಸ ಸುಲಭವಾಯಿತು. ಅವಳು ಕನ್ನಡದಲ್ಲಿ ಹೇಳಿದ್ದನ್ನು ತಾಯಿ ಹೇಳಿದ ಹಾಗೆಯೇ ಬರೆದುಕೊಂಡರು. ಅದನ್ನು ಹುಡುಗಿಯೇ ತನ್ನ ಇಂಗ್ಲಿಷಿಗೆ ತಂದಳು. ತಪ್ಪಿದ್ದಲ್ಲಿ ತಿದ್ದಿದೆವು, ದೊಡ್ಡ ಪದ ಸೇರಿಸಲಿಲ್ಲ. ನಾನೂರು ಪದ ನೂರರ ಆಸುಪಾಸಿಗೆ ಇಳಿಯಿತು. ಬಾಯಿಪಾಠವನ್ನೂ ನಿಲ್ಲಿಸಿದೆವು. ಪದಕ್ಕೆ ಪದ ಪೋಣಿಸಿದ ಪಾಠ ದಾರದ ಮಣಿಯ ಹಾಗೆ. ಒಂದು ಕಡೆ ಕಡಿದರೆ ಎಲ್ಲವೂ ಚೆಲ್ಲುತ್ತದೆ. ಮಗು ಗಿಳಿಪಾಠ ಒಪ್ಪಿಸುತ್ತಿದೆಯೇ ಎಂದು ತಿಳಿಯಲು ನಡುವಿನಿಂದ ಹೇಳಲು ಕೇಳಿ. ಮತ್ತೆ ಮೊದಲಿನಿಂದ ಆರಂಭಿಸಿದರೆ ಅದು ಗಿಳಿಪಾಠ. ಇವಳಿಗೆ ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಕಂಠಪಾಠ. ನಡುವೆ ನಾಲ್ಕು ಚಿತ್ರ: ದೂಳು, ಕ್ಲಿನಿಕ್, ಬೆರಳು, ನಗು. ಕಣ್ಣಿಗೆ ಕಂಡದ್ದನ್ನು ಹೇಳುವವರಿಗೆ ಪದ ತಪ್ಪಿದರೂ ದಾರಿ ತಪ್ಪುವುದಿಲ್ಲ.

ಮೊದಲ ವಾಕ್ಯ ಕಂಠಪಾಠವೇಕೆಂದರೆ, ಮೈಕಿನ ಮುಂದೆ ನಿಂತೊಡನೆ ಅಡ್ರಿನಲಿನ್ ನುಗ್ಗಿ ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಉಸಿರು ಗಿಡ್ಡವಾಗುತ್ತದೆ. ಆರಂಭದ ಆ ಗಳಿಗೆಯನ್ನು ದಾಟಿದರೆ ಸಾಮಾನ್ಯವಾಗಿ ಮೈ ತಾನಾಗಿ ಹದಕ್ಕೆ ಬರುತ್ತದೆ. ಮಾತಿಗೆ ಮೊದಲು ಉಸಿರನ್ನು ಉದ್ದವಾಗಿ ಹೊರಬಿಡು ಎಂದೆ. "ಗೊತ್ತು ಅಂಕಲ್, ಐದು ಸಲ" ಎಂದಳು.

ಗುರುವಾರ ಕಾರ್ಯಕ್ರಮ, ಇಲ್ಲಿ ಶುಕ್ರವಾರ, ಶನಿವಾರ ರಜೆ. ನನಗೆ ಕರ್ತವ್ಯವಿತ್ತು, ತಾಯಿ ಕಳಿಸಿದ ವಿಡಿಯೊ ನೋಡಿದೆ. ಅವಳ ಇಂಗ್ಲಿಷ್ ಮಾತು ಕನ್ನಡದಲ್ಲಿ ಹೀಗಿತ್ತು:

"ಎಲ್ಲರಿಗೂ ನಮಸ್ಕಾರ. ನನಗೆ ಉಬ್ಬಸ ಇದೆ. ಒಂದು ದಿನ ತುಂಬ ದೂಳಿತ್ತು, ನನಗೆ ಉಸಿರಾಡಲು ಆಗಲಿಲ್ಲ. ಮ್ಯಾಮ್ ನನ್ನನ್ನು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ನರ್ಸ್ ಔಷಧಿ ಕೊಟ್ಟರು. ಮ್ಯಾಮ್ ನೆಲದ ಮೇಲೆ ಕೂತು ಬೆರಳು ಮಡಚಿ ಮಲಯಾಳದಲ್ಲಿ ಎಣಿಸಿದರು. ಅವರ ಭಾಷೆಯಲ್ಲಿ ಐದಕ್ಕೆ ಅಂಜು. ನನ್ನ ಭಾಷೆಯಲ್ಲಿ ಅಂಜು ಅಂದರೆ ಹೆದರಿಕೋ ಅಂತ. ನನಗೆ ನಗು ಬಂತು, ಹೆದರಿಕೆ ಹೋಯಿತು. ಮ್ಯಾಮ್, ನಿಮ್ಮ ಸೀರೆಗೆ ಅವತ್ತು ಮಣ್ಣಾಯಿತು. ಸಾರಿ. ನೀವು ಹೋದ ಮೇಲೆ ನಾನೇ ಎಣಿಸಿಕೊಳ್ಳುತ್ತೇನೆ. ಥ್ಯಾಂಕ್ಯೂ ಮ್ಯಾಮ್."

ಸೀರೆಯ ಮಾತು ನಮ್ಮ ಯಾರ ಕರಡಿನಲ್ಲೂ ಇರಲಿಲ್ಲ. "ಬೆರಳು ಮಡಚಿ" ಎಂಬಲ್ಲಿ ಅವಳು ಒಮ್ಮೆ ತಡವರಿಸಿದಳು. ಮುಂದಿನ ಸಾಲಿನಲ್ಲಿ ಕೂತಿದ್ದ ಟೀಚರ್ ಕೈ ಎತ್ತಿ ಒಂದು ಬೆರಳು ಮಡಚಿದ್ದು ವಿಡಿಯೊದಲ್ಲಿ ಕಾಣುತ್ತದೆ. ಮಾತು ಮುಂದುವರಿಯಿತು. ಒಟ್ಟು ಒಂದೂವರೆ ನಿಮಿಷ.

ವಿಡಿಯೊ ದಾವಣಗೆರೆಗೂ ಹೋಯಿತು, ಕಳಿಸಿದವರು ತಂದೆಯೇ. ಅಜ್ಜಿಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಫೋನಿನಲ್ಲಿ ಅದನ್ನೇ ಕನ್ನಡದಲ್ಲಿ ಮತ್ತೆ ಹೇಳಿದಳು. ಮೊದಲು ಕನ್ನಡದಲ್ಲೇ ಹುಟ್ಟಿದ ಮಾತಾದ್ದರಿಂದ ಅದಕ್ಕೆ ಕಷ್ಟವಾಗಲಿಲ್ಲ. ಊರಿಗೆಲ್ಲ ಗೊತ್ತಾಗುವುದೆಂಬ ಭಯಕ್ಕೆ ಅಜ್ಜಿ ಕೊಟ್ಟ ಉತ್ತರವನ್ನು ಗೆಳೆಯರೇ ನನಗೆ ತಿಳಿಸಿದರು: "ನಿಮ್ಮಪ್ಪಗೂ ಸಣ್ಣವನಿದ್ದಾಗ ಹಿಂಗೇ ಉಬ್ಬಸ ಇತ್ತವ್ವಾ. ನಾವು ಯಾರಿಗೂ ಹೇಳಿರಲಿಲ್ಲ."

ಟೀಚರ್ ಏಪ್ರಿಲ್ ಮೊದಲ ವಾರ ಹೊರಟರು. ತಾಯಿ ಬರೆದ ಕಾಗದ ಹೊಸ ಟೀಚರ ಮೇಜಿನಲ್ಲಿದೆ.