ಮಾತಿಗೆ ಕಟ್ಟುಬಿದ್ದ ಸಾವು

ಸಾವನ್ನು ವಂಚಿಸಲು ಹೊರಟ ಮನುಷ್ಯರ ಜನಪದ ಕಥೆಗಳಿಗೆ ಒಂದು ಸಿದ್ಧ ತಾತ್ಪರ್ಯವನ್ನು ಅಂಟಿಸುವುದು ರೂಢಿಯಾಗಿದೆ: ಹುಟ್ಟಿದವನು ಸಾಯಲೇಬೇಕು, ವಿಧಿಯನ್ನು ಮೀರಲು ಹೋದವನು ಕೆಡುತ್ತಾನೆ. ಜಾನಪದ ಪತ್ರಿಕೆಯ ಉತ್ತರಗಳಲ್ಲಿ ಈ ವಾಕ್ಯ ಬಲು ಸಲೀಸಾಗಿ ಬಂದು ಕೂರುತ್ತದೆ. ಅದು ಸುಳ್ಳಲ್ಲ. ಆದರೆ ಅಷ್ಟನ್ನು ಹೇಳುವುದಕ್ಕೆ ಕಥೆಯೇ ಬೇಕಿರಲಿಲ್ಲ, ಒಂದು ಗಾದೆ ಸಾಕಿತ್ತು. ಕಥೆ ಕೇಳುವವರು ಸಾವು ಮೋಸಹೋಗುವ ಗಳಿಗೆಯಲ್ಲಿ ಹಿಗ್ಗುತ್ತಾರೆ. ಆ ಹಿಗ್ಗಿಗೆ ಕಾರಣವೇನೆಂದು ಕೇಳದ ವಿಮರ್ಶೆ ಕಥೆಯ ಕೊನೆಯ ಸಾಲನ್ನು ಮಾತ್ರ ಓದಿದಂತಾಗುತ್ತದೆ.

ಈ ಬಗೆಯ ಕಥೆಗಳಲ್ಲಿ ಬಹಳ ದೂರ ಹರಡಿರುವುದು, ಗ್ರಿಮ್ ಸಹೋದರರ ಸಂಗ್ರಹದಲ್ಲಿ 44ನೆಯದಾಗಿ ಬರುವ ಜರ್ಮನ್ ಕಥೆ. ಜಾನಪದ ವಿದ್ವಾಂಸರು ಬಳಸುವ ಆರ್ನೆ–ಥಾಂಪ್ಸನ್–ಉಥರ್ ವರ್ಗಸೂಚಿಯಲ್ಲಿ ಈ ಆಶಯದ ಕಥೆಗಳಿಗೆ 332 ಎಂಬ ಸಂಖ್ಯೆಯಿದೆ. ಕಥೆ ಆರಂಭವಾಗುವುದು ಸಾವಿನಿಂದಲ್ಲ, ಬಡತನದಿಂದ. ಹನ್ನೆರಡು ಮಕ್ಕಳ ಹೊಟ್ಟೆಗೆ ಹಗಲಿರುಳು ದುಡಿಯುವ ಒಬ್ಬನಿಗೆ ಹದಿಮೂರನೆಯ ಮಗು ಹುಟ್ಟುತ್ತದೆ. ಕ್ರೈಸ್ತರ ಪದ್ಧತಿಯಂತೆ ಅದಕ್ಕೊಬ್ಬ ಧರ್ಮಪಿತ ಬೇಕು. ದಾರಿಯಲ್ಲಿ ಮೊದಲು ಎದುರಾದ ದೇವರನ್ನು ಆತ ಒಪ್ಪುವುದಿಲ್ಲ. ಉಳ್ಳವರಿಗೆ ಕೊಟ್ಟು ಬಡವರನ್ನು ಉಪವಾಸ ಕೆಡಹುವವನು ನೀನು ಎನ್ನುತ್ತಾನೆ. ಸೈತಾನನನ್ನೂ ಒಪ್ಪುವುದಿಲ್ಲ, ಅವನು ಜನರನ್ನು ದಾರಿತಪ್ಪಿಸುವವನು. ಮೂರನೆಯದಾಗಿ ಬಂದ ಸಾವನ್ನು ಒಪ್ಪುತ್ತಾನೆ. ಕಾರಣ ಒಂದೇ: ಸಾವಿಗೆ ಬಡವ ಬಲ್ಲಿದರೆಂಬ ಭೇದವಿಲ್ಲ.

ಮಗು ಬೆಳೆದ ಮೇಲೆ ಸಾವು ಅವನನ್ನು ಕಾಡಿಗೆ ಕರೆದೊಯ್ದು ಒಂದು ಮೂಲಿಕೆಯನ್ನು ತೋರಿಸಿ ವೈದ್ಯನನ್ನಾಗಿ ಮಾಡುತ್ತದೆ. ಕರಾರು ಸರಳ. ರೋಗಿಯ ತಲೆಯ ಬಳಿ ಸಾವು ನಿಂತಿದ್ದರೆ ಮೂಲಿಕೆ ಕೊಡಬಹುದು, ರೋಗಿ ಏಳುತ್ತಾನೆ. ಕಾಲಿನ ಬಳಿ ನಿಂತಿದ್ದರೆ ಆ ರೋಗಿ ಸಾವಿನ ಪಾಲು, ಕೈಹಾಕಕೂಡದು. (ಕೆಲವು ಪಾಠಗಳಲ್ಲಿ ತಲೆ, ಕಾಲುಗಳ ಈ ಸ್ಥಾನ ಅದಲುಬದಲಾಗಿರುತ್ತದೆ, ಕಥೆಯ ನಡೆ ಬದಲಾಗುವುದಿಲ್ಲ.) ವೈದ್ಯನ ಕೀರ್ತಿ ಹಬ್ಬುತ್ತದೆ. ಒಮ್ಮೆ ರಾಜನೇ ಹಾಸಿಗೆ ಹಿಡಿದಾಗ ಸಾವು ಕಾಲಿನ ಬಳಿ ನಿಂತಿರುತ್ತದೆ. ವೈದ್ಯನು ರಾಜನನ್ನು ಎತ್ತಿ ತಿರುಗಿಸಿ ಮಲಗಿಸುತ್ತಾನೆ. ಸಾವು ನಿಂತಲ್ಲೇ ನಿಂತಿದೆ, ಈಗ ಅದು ತಲೆಯ ಬಳಿಯಿದೆ. ರಾಜ ಬದುಕುತ್ತಾನೆ. ಸಾವು ಸಿಟ್ಟಾದರೂ ಧರ್ಮಪುತ್ರನೆಂದು ಒಮ್ಮೆಗೆ ಕ್ಷಮಿಸುತ್ತದೆ. ಮುಂದೆ ರಾಜನ ಒಬ್ಬಳೇ ಮಗಳು ಕಾಯಿಲೆ ಬೀಳುತ್ತಾಳೆ. ಉಳಿಸಿದವನಿಗೆ ಅವಳ ಕೈಯೂ ಪಟ್ಟವೂ ಎಂಬ ಘೋಷಣೆಯಾಗುತ್ತದೆ. ವೈದ್ಯನು ಅವಳನ್ನೂ ತಿರುಗಿಸಿ ಮಲಗಿಸುತ್ತಾನೆ. ಈ ಸಲ ಕ್ಷಮೆಯಿಲ್ಲ.

ಈ ಮೋಸದ ಸ್ವರೂಪವನ್ನು ಗಮನಿಸಬೇಕು. ವೈದ್ಯನು ಸಾವಿನೊಡನೆ ಕಾದಾಡಲಿಲ್ಲ, ಮಂತ್ರ ಹಾಕಲಿಲ್ಲ, ಮಾಡಿದ್ದು ರೋಗಿಯ ದಿಕ್ಕು ಬದಲಿಸಿದ್ದಷ್ಟೇ. ಸಾವು ಎರಡು ಹೆಜ್ಜೆ ಸರಿದು ಮತ್ತೆ ಕಾಲಿನ ಬಳಿ ನಿಂತಿದ್ದರೆ ಉಪಾಯ ಮಣ್ಣುಪಾಲಾಗುತ್ತಿತ್ತು. ಸಾವು ಹಾಗೆ ಮಾಡಲಿಲ್ಲ, ಏಕೆಂದರೆ ಅದು ತಾನು ಹೇಳಿದ ಕರಾರಿಗೆ ಕಟ್ಟುಬಿದ್ದಿದೆ. ಮಾತು ತಪ್ಪುವವನನ್ನು ಮಾತಿನ ಸಂದಿಯಿಂದ ಹಿಡಿಯಲಾಗದು. ಸಾವನ್ನು ವಂಚಿಸುವ ಕಥೆಗಳೆಲ್ಲವೂ ಸಾವು ಪ್ರಾಮಾಣಿಕವೆಂಬ ನಂಬಿಕೆಯ ಮೇಲೆ ನಿಂತಿವೆ. ಕೇಳುಗರ ಹಿಗ್ಗಿನ ಮೂಲ ಇಲ್ಲಿದೆ. ಸಾವಿಗೂ ಒಂದು ಕಟ್ಟಳೆಯುಂಟು, ಕಟ್ಟಳೆಯುಳ್ಳವರೊಡನೆ ವಾದಕ್ಕೆ ಎಡೆಯುಂಟು ಎಂಬ ಸಮಾಧಾನ ಅದು.

ಹಾಗಾದರೆ ಭಯ ಯಾವುದರ ಕುರಿತು? ಅದಕ್ಕೆ ಉತ್ತರ ಕಥೆಯ ಕೊನೆಯ ದೃಶ್ಯದಲ್ಲಿದೆ. ಸಾವು ವೈದ್ಯನನ್ನು ಹಿಮದಂತೆ ತಣ್ಣಗಿನ ಕೈಯಿಂದ ಹಿಡಿದು ನೆಲದಡಿಯ ಗುಹೆಗೆ ಎಳೆದೊಯ್ಯುತ್ತದೆ. ಅಲ್ಲಿ ಸಾಲುಸಾಲಾಗಿ ಸಾವಿರಾರು ದೀಪಗಳು ಉರಿಯುತ್ತಿವೆ. ಒಂದೊಂದೂ ಒಬ್ಬೊಬ್ಬರ ಆಯುಷ್ಯ. ದೊಡ್ಡವು ಮಕ್ಕಳವು, ನಡುತರದವು ಗೃಹಸ್ಥರವು, ಸಣ್ಣವು ಮುದುಕರವು. ಇಷ್ಟಕ್ಕೇ ನಿಂತಿದ್ದರೆ ಅದೊಂದು ಅಚ್ಚುಕಟ್ಟಾದ ಜಗತ್ತಾಗುತ್ತಿತ್ತು. ಆದರೆ ಸಾವು ಇನ್ನೊಂದು ಮಾತು ಸೇರಿಸುತ್ತದೆ: ಎಷ್ಟೋ ಮಕ್ಕಳಿಗೂ ಹರೆಯದವರಿಗೂ ಸಣ್ಣ ದೀಪವೇ ಇರುತ್ತದೆ. ಕಥೆಯ ನಿಜವಾದ ಅಂಜಿಕೆ ಈ ಒಂದು ಮಾತಿನಲ್ಲಿ ಅಡಗಿದೆ. ಮುದುಕರ ದೀಪ ಆರುವುದು ಯಾರನ್ನೂ ಕಂಗೆಡಿಸುವುದಿಲ್ಲ; ಮಗುವಿನ ದೀಪ ಏಕೆ ಗಿಡ್ಡವೆಂಬುದಕ್ಕೆ ಕಾರಣ ಸಿಗದು, ಸಾವೂ ಹೇಳದು. ವೈದ್ಯನು ತನ್ನ ದೀಪವೆಂದು ದೊಡ್ಡದನ್ನು ನಿರೀಕ್ಷಿಸುತ್ತಾನೆ, ಕಾಣುವುದು ಆರಲಿರುವ ತುಂಡು. ಹೊಸದನ್ನು ಹಚ್ಚೆಂದು ಬೇಡುತ್ತಾನೆ. ಒಂದು ಆರದೆ ಇನ್ನೊಂದು ಹತ್ತದೆಂದು ಸಾವು ಉತ್ತರಿಸುತ್ತದೆ. ಮತ್ತೆ ಬೇಡಿದಾಗ ಹೊಸ ದೀಪಕ್ಕೆ ಹಳೆಯದನ್ನು ಸೇರಿಸುವಂತೆ ನಟಿಸಿ, ಬೇಕೆಂದೇ ತುಂಡನ್ನು ಬೀಳಿಸುತ್ತದೆ. ವೈದ್ಯ ಅಲ್ಲೇ ಕುಸಿಯುತ್ತಾನೆ.

ಇಲ್ಲಿ ತಂದೆ ಮಕ್ಕಳ ನಡುವಿನ ವೈದೃಶ್ಯ ತೀಕ್ಷ್ಣವಾಗಿದೆ. ಸಾವಿಗೆ ಭೇದವಿಲ್ಲವೆಂದು ತಂದೆ ಅದನ್ನು ನೆಂಟನನ್ನಾಗಿ ಆರಿಸಿಕೊಂಡ. ಮಗ ಅದೇ ನೆಂಟಸ್ತಿಕೆಯನ್ನು ಮುಂದಿಟ್ಟು ಭೇದ ಮಾಡೆಂದು ಕೇಳಿದ; ಮೊದಲು ರಾಜನಿಗಾಗಿ, ಆಮೇಲೆ ರಾಜಕುಮಾರಿಗಾಗಿ, ಕಡೆಗೆ ತನಗಾಗಿ. ಸಾವು ಎಲ್ಲರಿಗೂ ಸಮನಾಗಿರಲಿ ಎನ್ನುವ ನ್ಯಾಯಬುದ್ಧಿಯೂ ತನ್ನವರ ಹಾಸಿಗೆಯ ಬಳಿ ಮಾತ್ರ ತಡವಾಗಿ ಬರಲಿ ಎನ್ನುವ ಆಸೆಯೂ ಒಂದೇ ಮನೆಯಲ್ಲಿ ಹುಟ್ಟಿವೆ. ಇದನ್ನು ಮನುಷ್ಯನ ದುರಾಸೆಯೆಂದು ತಳ್ಳಿಹಾಕುವ ಓದು ಕಥೆಗಿಂತ ಕಠಿಣವಾದುದು.

ವಾದದಿಂದ ಗೆದ್ದ ಕಥೆಯೂ ಉಂಟು. ಮಹಾಭಾರತದ ವನಪರ್ವದಲ್ಲಿ ಬಂದು, ವ್ರತಕಥೆಯಾಗಿ ಮನೆಮನೆ ಹೊಕ್ಕ ಸಾವಿತ್ರಿಯ ಕಥೆ ಅದು. ಸೊಲ್ಲಾಪುರ, ಅಕ್ಕಲಕೋಟೆಯ ಸೀಮೆಯಲ್ಲಿ ಜ್ಯೇಷ್ಠ ಹುಣ್ಣಿಮೆಯ ದಿನ ಒಂದೆಡೆ ಎತ್ತುಗಳಿಗೆ ಕಾರ ಹುಣ್ಣಿಮೆಯ ಸಿಂಗಾರ, ಇನ್ನೊಂದೆಡೆ ಆಲದ ಮರಕ್ಕೆ ನೂಲು ಸುತ್ತುವ ವಟಪೂರ್ಣಿಮೆ. ಪಾತಿವ್ರತ್ಯದ ಮಹಿಮೆಯಿಂದ ಯಮ ಕರಗಿದನೆಂಬುದು ಅಲ್ಲಿಯ ರೂಢಿಯ ವಿವರಣೆ. ಆದರೆ ವರಗಳ ಕ್ರಮ ಬೇರೊಂದನ್ನೂ ಹೇಳುತ್ತದೆ. ಸತ್ಯವಾನನ ಪ್ರಾಣವೊಂದನ್ನು ಬಿಟ್ಟು ಏನನ್ನಾದರೂ ಕೇಳೆಂದು ಯಮ ಷರತ್ತು ಹಾಕಿದ್ದಾನೆ. ಸಾವಿತ್ರಿ ಮೊದಲು ಮಾವನ ಕಣ್ಣನ್ನೂ, ಆಮೇಲೆ ಅವನ ರಾಜ್ಯವನ್ನೂ, ಮೂರನೆಯದಾಗಿ ತಂದೆಗೆ ನೂರು ಮಕ್ಕಳನ್ನೂ ಕೇಳುತ್ತಾಳೆ. ನಾಲ್ಕನೆಯದಾಗಿ ತನಗೂ ಸತ್ಯವಾನನಿಗೂ ನೂರು ಮಕ್ಕಳಾಗಲೆಂದು ಕೇಳುತ್ತಾಳೆ. ಯಮ ತಥಾಸ್ತು ಎಂದ ಕ್ಷಣವೇ ಅವನ ಮಾತು ಅವನನ್ನೇ ಕಟ್ಟಿತು. ಐದನೆಯ ವರ ಕೊಡುವಾಗ ಹಳೆಯ ಷರತ್ತು ಅವನ ಬಾಯಿಂದ ಬರಲಿಲ್ಲ. ಪತಿಯಿಲ್ಲದೆ ಹಿಂದಿನ ವರ ಸತ್ಯವಾಗದೆಂದು ಆಕೆ ಅದನ್ನು ಬಳಸಿಕೊಂಡಳು. ಜರ್ಮನ್ ವೈದ್ಯ ಹಾಸಿಗೆಯಲ್ಲಿ ಮಾಡಿದ್ದನ್ನು ಸಾವಿತ್ರಿ ಮಾತಿನಲ್ಲಿ ಮಾಡಿದಳು. ವ್ಯತ್ಯಾಸವಿಷ್ಟೇ: ವೈದ್ಯನು ಕರಾರಿನ ಬೆನ್ನ ಹಿಂದೆ ನಡೆದ, ಸಾವಿತ್ರಿ ಧರ್ಮರಾಜನ ಎದುರಿಗೇ ಧರ್ಮವನ್ನು ಹಿಡಿದು ನಿಂತಳು. ಆಕೆಯೂ ಅಮರತ್ವವನ್ನು ಕೇಳಲಿಲ್ಲ. ಯಮ ಸತ್ಯವಾನನಿಗೆ ಕೊಟ್ಟದ್ದು ನಾನೂರು ವರ್ಷದ ಆಯುಷ್ಯ. ದೀರ್ಘವೇ ಸರಿ, ಆದರೆ ಎಣಿಕೆಗೆ ಸಿಗುವಂಥದ್ದು.

ಎಣಿಕೆಯೇ ಇಲ್ಲವಾದರೆ ಏನಾದೀತೆಂಬುದನ್ನೂ ಜನಪದರು ಯೋಚಿಸಿದ್ದಾರೆ. ಸ್ಪ್ಯಾನಿಷ್ ಭಾಷಿಕರ ನಡುವೆ ಹೇಳುವ ಒಂದು ಕಥೆಯ ಮುದುಕಿಗೆ 'ದಾರಿದ್ರ್ಯ'ವೆಂದೇ ಹೆಸರು. ತನ್ನ ಪೇರು ಮರವನ್ನು ಹತ್ತಿದವರು ತಾನು ಬಿಡುವ ತನಕ ಇಳಿಯದಿರಲೆಂದು ಆಕೆ ವರ ಪಡೆದಿದ್ದಾಳೆ. ಕರೆದೊಯ್ಯಲು ಬಂದ ಸಾವನ್ನು, ದಾರಿಗೆ ನಾಲ್ಕು ಹಣ್ಣು ಕಿತ್ತುಕೋ ಎಂದು ಮರ ಹತ್ತಿಸುತ್ತಾಳೆ. ಲೋಕದಲ್ಲಿ ಸಾವು ನಿಲ್ಲುತ್ತದೆ. ಆದರೆ ನೋವಾಗಲಿ ಮುಪ್ಪಾಗಲಿ ನಿಲ್ಲುವುದಿಲ್ಲ. ಹಾಸಿಗೆಯಲ್ಲಿ ನರಳುವವರೇ ಬಂದು ಸಾವನ್ನು ಇಳಿಸೆಂದು ಅಂಗಲಾಚುತ್ತಾರೆ. ತಾನು ಕರೆಯುವ ತನಕ ತನ್ನ ಬಳಿ ಬರಬಾರದೆಂಬ ಕರಾರಿನ ಮೇಲೆ ಮುದುಕಿ ಅದನ್ನು ಬಿಡುತ್ತಾಳೆ. ಆದ್ದರಿಂದಲೇ ದಾರಿದ್ರ್ಯ ಇನ್ನೂ ಭೂಮಿಯ ಮೇಲಿದೆ. ಸಾವನ್ನು ತಡೆಯುವ ಆಸೆಗೆ ಕಥೆ ನಗುನಗುತ್ತ ಸೊಪ್ಪು ಹಾಕುತ್ತದೆ. ಸಾವೇ ಇಲ್ಲದ ಸ್ಥಿತಿಗೆ ಹೆದರುತ್ತದೆ.

ಇಂಥ ಉಪಾಯಗಳು ಕಥೆಯಲ್ಲಷ್ಟೇ ಉಳಿಯಲಿಲ್ಲ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಹೊಸ ಕೂಸಿಗೆ ಕನ್ನಡದಲ್ಲಿ ತಿಪ್ಪ, ಗುಂಡ ಎಂದೂ, ಮರಾಠಿಯಲ್ಲಿ ಕಲ್ಲೆಂಬ ಅರ್ಥದ ದಗಡು, ಧೋಂಡು ಎಂದೂ, ತಿಪ್ಪೆಯೆಂಬ ಅರ್ಥದ ಉಕಿರಡ್ಯಾ ಎಂದೂ ಹೆಸರಿಡುತ್ತಿದ್ದರು. ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೊಬ್ಬರಿಂದ ಎತ್ತಿಸಿ, ಹಿಡಿ ತೌಡು ಕೊಟ್ಟು ಮರಳಿ ಕೊಳ್ಳುವ ಪದ್ಧತಿಯೂ ಇತ್ತು. (ಇಂಥ ಹೆಸರುಗಳೆಲ್ಲ ಹೀಗೇ ಬಂದವಲ್ಲ, ಮನೆದೇವರ ಹೆಸರಾಗಿ ಬಂದವೂ ಉಂಟು.) ಸಾವು ಬೆಲೆಬಾಳುವುದನ್ನು ಮಾತ್ರ ಒಯ್ಯುತ್ತದೆ, ತಿಪ್ಪೆಯ ಕಸಕ್ಕೆ ಕೈಯಿಕ್ಕದು ಎಂಬ ಲೆಕ್ಕ ಇದರ ಹಿಂದಿದೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುವುದರ ಹಿಂದೆಯೂ ಅದೇ ಲೆಕ್ಕ: ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ಮಾರಿ ಆ ಬರಹವನ್ನು ಓದುತ್ತದೆ, ಓದಿದ್ದಕ್ಕೆ ವಿಧೇಯವಾಗಿ ಹಿಂದಿರುಗುತ್ತದೆ, ಮರುದಿನವೂ ಅದೇ ಬರಹವನ್ನು ಕಾಣುತ್ತದೆ. ಗುಹೆಯ ಗಿಡ್ಡ ದೀಪಕ್ಕೆ ಕಾರಣ ಸಿಗದ ತಾಯಿ, ಸಾವಿಗೆ ತಾನೇ ಒಂದು ನಿಯಮವನ್ನು ಕಲ್ಪಿಸಿಕೊಟ್ಟು, ಆ ನಿಯಮದ ಸಂದಿಯಲ್ಲಿ ತನ್ನ ಕೂಸನ್ನು ಬಚ್ಚಿಟ್ಟಳು.

ಆದ್ದರಿಂದ ಈ ಕಥೆಗಳ ಮುಂದೆ ಕೇಳಬೇಕಾದ ಪ್ರಶ್ನೆ ಕೊನೆಗೆ ಯಾರು ಗೆದ್ದರೆಂಬುದಲ್ಲ. ಅದು ಕೇಳುಗರೆಲ್ಲರಿಗೂ ಮೊದಲೇ ಗೊತ್ತು. ಮೋಸ ಯಾರಿಗಾಗಿ ನಡೆಯಿತು, ಎಷ್ಟು ಕಾಲವನ್ನು ಕೇಳಿತು, ಸಾವಿನ ಯಾವ ಮಾತನ್ನು ಹಿಡಿದು ನಡೆಯಿತು ಎಂಬ ಮೂರನ್ನು ಕೇಳಿದರೆ ಒಂದೊಂದು ಪಾಠವೂ ಬೇರೆಯಾಗಿ ತೆರೆದುಕೊಳ್ಳುತ್ತದೆ. ಹಾಜರಿಪಟ್ಟಿಯಲ್ಲಿ ತಂದೆಯ ಹೆಸರೆಂದೋ ಅಜ್ಜನ ಹೆಸರೆಂದೋ ದಗಡು, ತಿಪ್ಪಣ್ಣ ಎಂದು ಬರೆಯಲು ನಾಚುವ ವಿದ್ಯಾರ್ಥಿಗೂ ಆ ಹೆಸರು ಆಗ ಬೇರೆಯಾಗಿ ಕೇಳಿಸೀತು. ಹಿಂದೆ ಹೋದ ಕೂಸುಗಳನ್ನು ನೆನೆದು, ಬಂದ ಕೂಸನ್ನು ಉಳಿಸಿಕೊಳ್ಳಲು ಒಬ್ಬ ತಾಯಿ ಹೂಡಿದ ಉಪಾಯ ಅದು.