ಕೀಲಿ ಫೋನಿನಲ್ಲಿ, ಬಾಗಿಲು ಲ್ಯಾಪ್‌ಟಾಪಿನಲ್ಲಿ

ಗುಡ್ನಾಪುರದ ನಮ್ಮನೇಲಿ ವೈಫೈ ಇದೆ. ಆದ್ರೆ ಮೊಬೈಲ್ ಸಿಗ್ನಲ್ ಬೇಕಂದ್ರೆ ಕೆರೆ ಏರಿಗೇ ಹೋಗಬೇಕು. ಹೊಸ ಲ್ಯಾಪ್‌ಟಾಪಿನಲ್ಲಿ ಗೂಗಲ್ ಖಾತೆಗೆ ಪಾಸ್‌ವರ್ಡ್ ಹಾಕಿ, ಒಟಿಪಿಗೆ ಅಂತ ಏರಿ ತನಕ ಓಡಿ ವಾಪಸ್ ಬರೋದ್ರೊಳಗೆ ಅದರ ಟೈಮ್ ಮುಗಿದಿರ್ತಿತ್ತು.

ಓಟ ಹೋಗ್ಲಿ ಬಿಡಿ. ಹೋದ ತಿಂಗಳು ಒಂದು ನಕಲಿ ಲಾಗಿನ್ ಪುಟದಲ್ಲಿ ಪಾಸ್‌ವರ್ಡ್ ಬರೆದೇಬಿಟ್ಟಿದ್ದೆ. ತಕ್ಷಣ ಬದಲಾಯಿಸಿದ್ದಕ್ಕೆ ಬಚಾವಾದೆ. ಆವತ್ತೇ ಪಾಸ್‌ಕೀ ಮಾಡಿಕೊಂಡೆ. ಗೂಗಲ್ ಇದನ್ನು 2023ರಲ್ಲೇ ಎಲ್ಲರ ಖಾತೆಗೂ ಕೊಟ್ಟಿದೆ.

ಪಾಸ್‌ವರ್ಡ್ ಅಂದ್ರೆ ನಮಗೂ ಕಂಪನಿಗೂ ಗೊತ್ತಿರೋ ಗುಟ್ಟು. ಯಾರು ಕೇಳಿದರೂ ಹೇಳಿಬಿಡಬಹುದು. ಪಾಸ್‌ಕೀಯಲ್ಲಿ ಎರಡು ಕೀಲಿ. ಗುಟ್ಟಿನದು ನಮ್ಮ ಹತ್ತಿರ, ಅದನ್ನು ಪರೀಕ್ಷಿಸೋ ಜೋಡಿ ಕೀಲಿ ಕಂಪನಿ ಹತ್ತಿರ. ಲಾಗಿನ್ ಆಗುವಾಗ ಅವರು ಪ್ರತಿಸಲ ಒಂದು ಹೊಸ ಸವಾಲು ಕಳಿಸ್ತಾರೆ. ನಾವು ಬೆರಳೊತ್ತಿದರೆ ಫೋನು ಗುಟ್ಟಿನ ಕೀಲಿಯಿಂದ ಅದಕ್ಕೆ ಸಹಿ ಹಾಕುತ್ತೆ. ಬೆರಳಚ್ಚು ಫೋನ್ ಬಿಟ್ಟು ಹೊರಗೆ ಹೋಗೋದಿಲ್ಲ. ಕೀಲಿ ಅಸಲಿ ಸೈಟಿನ ವಿಳಾಸಕ್ಕೇ ಕಟ್ಟಿರೋದ್ರಿಂದ ನಕಲಿ ಪುಟದಲ್ಲಿ ಕೆಲಸವೇ ಮಾಡಲ್ಲ. ನಾನು ಮೋಸಹೋದರೂ ಅದು ಹೋಗಲ್ಲ.

ಕೀಲಿ ಫೋನಿನಲ್ಲಿದ್ರೆ ಲ್ಯಾಪ್‌ಟಾಪ್ ತೆರೆಯೋದು ಹೇಗೆ? ಲ್ಯಾಪ್‌ಟಾಪಿನಲ್ಲಿ ಫೋನಿನ ಪಾಸ್‌ಕೀ ಬಳಸುವ ಆಯ್ಕೆ ಒತ್ತಿದೆ, ಕ್ಯೂಆರ್ ಬಂತು. ಫೋನಿನಿಂದ ಸ್ಕ್ಯಾನ್ ಮಾಡಿದೆ. ಸುಮ್ಮನೆ ತಿರುಗ್ತಾ ನಿಂತಿತು. ನೋಡಿದ್ರೆ ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್! ಆನ್ ಮಾಡಿ ಮತ್ತೆ ಸ್ಕ್ಯಾನ್ ಮಾಡಿದೆ, ಬೆರಳೊತ್ತಿದೆ, ಖಾತೆ ತೆರೀತು. ಒಟಿಪಿ ಇಲ್ಲ, ಏರಿಗೆ ಓಟವೂ ಇಲ್ಲ.

"ಕ್ಯೂಆರ್ ಇದ್ಮೇಲೆ ಬ್ಲೂಟೂತ್ ಎಂತಕ್ಕೆ?" ಅಂದ್ಳು ಆಯಿ. ಒಳ್ಳೇ ಪ್ರಶ್ನೆ. ದೂರದ ಕಳ್ಳನೊಬ್ಬ ತನ್ನ ಲ್ಯಾಪ್‌ಟಾಪಿನ ಕ್ಯೂಆರ್ ಫೋಟೋ ತೆಗೆದು ನಮಗೆ ವಾಟ್ಸಾಪ್ ಮಾಡಿದ ಅಂತಿಟ್ಟುಕೊಳ್ಳಿ. ನಾವು ಸ್ಕ್ಯಾನ್ ಮಾಡಿದರೂ ಅವನ ಬಾಗಿಲು ತೆರೆಯಲ್ಲ. ಯಾಕಂದ್ರೆ ಎರಡೂ ಸಾಧನ ಹತ್ತಿರದಲ್ಲೇ ಇವೆ ಅಂತ ಬ್ಲೂಟೂತ್ ಖಾತ್ರಿ ಮಾಡಬೇಕು. ಪೇರ್ ಮಾಡೋದೇನೂ ಬೇಡ, ಎರಡರಲ್ಲೂ ಆನ್ ಇದ್ರೆ ಸಾಕು. ಉಳಿದ ಮಾತುಕತೆ ಇಂಟರ್‌ನೆಟ್ ಮೇಲೆ ನಡೆಯೋದ್ರಿಂದ ಎರಡಕ್ಕೂ ನೆಟ್ ಬೇಕು. ಹೀಗೆ ಲಾಗಿನ್ ಆದಾಗ ಕೀಲಿ ಲ್ಯಾಪ್‌ಟಾಪಿಗೆ ನಕಲಾಗೋದಿಲ್ಲ. ಆಮೇಲೆ "ಇಲ್ಲೂ ಪಾಸ್‌ಕೀ ಮಾಡಲಾ?" ಅಂತ ಕೇಳಬಹುದು. ಸ್ವಂತ ಲ್ಯಾಪ್‌ಟಾಪ್ ಆದ್ರೆ ಮಾಡಿ, ಬೇರೆಯವರದ್ದಾದ್ರೆ ಬೇಡ.

"ಫೋನು ಕೆರೆಗೆ ಬಿದ್ರೆ?" ಅನ್ನೋದು ಆಯಿಯ ಮುಂದಿನ ಪ್ರಶ್ನೆ. ಆಂಡ್ರಾಯ್ಡಿನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಉಳಿಸಿದ ಪಾಸ್‌ಕೀ ಹೊಸ ಫೋನಿಗೂ ಬರುತ್ತೆ. ಆದ್ರೆ ಹಳೇ ಫೋನಿನ ಲಾಕ್ ಪಿನ್ ಅಥವಾ ಮ್ಯಾನೇಜರಿನ ಪಿನ್ ಕೇಳಬಹುದು, ಮರೀಬಾರದು. ಆ ಲಾಕ್ ಪಿನ್ ಇನ್ನೊಬ್ಬರಿಗೆ ಗೊತ್ತಿದ್ದು, ಫೋನೂ ಅವರ ಕೈಗೆ ಸಿಕ್ಕರೆ ಪಾಸ್‌ಕೀಯೂ ಅವರದ್ದೇ.

ಇನ್ನೊಂದು ಮಾತು. ಪಾಸ್‌ಕೀ ಮಾಡಿದ ಮಾತ್ರಕ್ಕೆ ಹಳೇ ಪಾಸ್‌ವರ್ಡ್ ಅಳಿಸಿಹೋಗಲ್ಲ, ಹಿತ್ತಲ ಬಾಗಿಲಿನ ಹಾಗೆ ಅದು ಇದ್ದೇ ಇರುತ್ತೆ. ಇನ್ನು ಯಾವ ಪುಟವಾದರೂ ಪಾಸ್‌ಕೀ ಬಿಟ್ಟು ಪಾಸ್‌ವರ್ಡನ್ನೇ ಕೇಳಿದರೆ ನಾನಂತೂ ಬರೆಯೋ ಮೊದಲು ಮೇಲಿನ ವಿಳಾಸ ಓದ್ತೇನೆ.