ಹಬ್ಬದಿಂದ ಹಿಂದಕ್ಕೆ ಎಣಿಸುವ ಕ್ಯಾಲೆಂಡರು

"ದಿನವೆಲ್ಲಾ ಫೋನು ಹಿಡ್ಕೊಂಡು ಕೂತಿರೋದೂ ಒಂದು ಕೆಲಸಾನಾ?" ಎಂದು ಮಗಳನ್ನು ಕೇಳುವ ತಾಯಂದಿರು ಚಳ್ಳಕೆರೆಯಲ್ಲಿಯೂ ಇದ್ದಾರೆ. ಪ್ರಶ್ನೆ ತಪ್ಪಲ್ಲ. ಅಂಗಡಿಯ ಪರವಾಗಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ ಖಾತೆಗಳನ್ನು ನೋಡಿಕೊಳ್ಳುವುದು ಈಗ ಸಂಬಳ ತರುವ ಉದ್ಯೋಗ. ಆದರೆ ಆ ಉದ್ಯೋಗದ ಮುಕ್ಕಾಲು ಭಾಗ ಫೋನಿನಲ್ಲಿ ನಡೆಯುವುದಿಲ್ಲ, ಲೆಕ್ಕದ ಹಾಳೆಯಲ್ಲಿ ನಡೆಯುತ್ತದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಅಂಗಡಿ, ಯಜಮಾನರು, ಹುಡುಗಿ ಮೂವರೂ ಕಲ್ಪಿತರು. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗುವಂತೆ ಇಟ್ಟುಕೊಂಡಿದೆ. ಹಬ್ಬದ ದಿನಾಂಕಗಳು ಮಾತ್ರ 2025ರ ಪಂಚಾಂಗದವು.

ಮೊಳಕಾಲ್ಮೂರಿನಲ್ಲಿ ಕೈಮಗ್ಗದ ರೇಷ್ಮೆ ಸೀರೆ ಮಾರುವ ಒಂದು ಅಂಗಡಿ. ಚಳ್ಳಕೆರೆಯಲ್ಲಿ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳು ಅದರ ಖಾತೆ ನೋಡಿಕೊಳ್ಳುತ್ತಾಳೆ. ತಿಂಗಳಿಗೆ ಎರಡು ಸಲ ಬಸ್ಸು ಹತ್ತಿ ಹೋಗಿ ಮಗ್ಗ, ಸೀರೆ, ನೇಕಾರರ ಕೈಗಳ ಚಿತ್ರ ತೆಗೆದುಕೊಂಡು ಬರುತ್ತಾಳೆ. ಉಳಿದ ಕೆಲಸ ಮನೆಯಿಂದಲೇ. ಮೊದಲ ತಿಂಗಳು ಯಜಮಾನರು ಕೇಳಿದ್ದು ಒಂದೇ ಮಾತು: "ಫಾಲೋವರ್ಸ್ ಎಷ್ಟಾದ್ರಮ್ಮ?" ಎರಡನೆಯ ತಿಂಗಳು ಮಾತು ಬದಲಾಯಿತು: "ಅದಿರ್ಲಿ, ಸೀರೆ ಎಷ್ಟು ಹೋಯ್ತು?" ಈ ಎರಡು ಪ್ರಶ್ನೆಗಳ ನಡುವಿನ ದಾರಿಯೇ ಅವಳ ಕೆಲಸ.

ಮೊದಲು ಕ್ಯಾಲೆಂಡರು. ಯಾವ ದಿನ ಯಾವ ಚಿತ್ರ, ಯಾವ ಬರಹ ಹೋಗಬೇಕೆಂದು ಮುಂಚೆಯೇ ಬರೆದಿಟ್ಟ ಪಟ್ಟಿ ಅದು. ಹೊಸಬರು ಹಬ್ಬದ ದಿನಕ್ಕೆ ಹಬ್ಬದ ಶುಭಾಶಯ ಎಂದು ಬರೆದಿಟ್ಟು ಮುಗಿಸುತ್ತಾರೆ. ಸೀರೆಯ ವ್ಯಾಪಾರಕ್ಕೆ ಅದು ಕೆಲಸಕ್ಕೆ ಬಾರದು. ಹಬ್ಬದ ದಿನ ಯಾರೂ ಸೀರೆ ಕೊಳ್ಳುವುದಿಲ್ಲ, ಉಡುತ್ತಾರೆ. ಆದ್ದರಿಂದ ಹಬ್ಬದಿಂದ ಹಿಂದಕ್ಕೆ ಎಣಿಸಬೇಕು.

2025ರಲ್ಲಿ ವರಮಹಾಲಕ್ಷ್ಮಿ ವ್ರತ ಆಗಸ್ಟ್‌ 8ರ ಶುಕ್ರವಾರ ಬಂದಿತ್ತು. ರವಿಕೆ ಹೊಲಿಸಲು ಹಬ್ಬದ ಮುಂಚೆ ದರ್ಜಿಗೆ ವಾರ ಹತ್ತು ದಿನವಾದರೂ ಬೇಕು. ಪಾರ್ಸೆಲ್‌ ಬೆಂಗಳೂರಿಗೋ ಹುಬ್ಬಳ್ಳಿಗೋ ತಲುಪಲು ನಾಲ್ಕೈದು ದಿನ. ಸೀರೆ ಆರಿಸಿ, ಮನೆಯವರನ್ನು ಕೇಳಿ, ಹಣ ಕಳುಹಿಸಲು ಮತ್ತೆರಡು ದಿನ. ಅಲ್ಲಿಗೆ ಹಬ್ಬದ ಸೀರೆಯ ಕೊನೆಯ ಆರ್ಡರು ಸುಮಾರು ಜುಲೈ 22ಕ್ಕೆ ಬರಬೇಕು. ಅಷ್ಟರೊಳಗೆ ಸೀರೆ ಮಗ್ಗದಿಂದ ಇಳಿದಿರಬೇಕು. ಕೈಮಗ್ಗದಲ್ಲಿ ಸರಳವಾದ ಸೀರೆಗೆ ಕೆಲವು ದಿನ ಸಾಕು. ಬುಟ್ಟಾ ತುಂಬಿದ, ಅಂಚು ಬೇರೆ ಬಣ್ಣದ ಸೀರೆಗೆ ವಾರಗಳೇ ಹಿಡಿಯುತ್ತವೆ. ನೂಲಿಗೆ ಬಣ್ಣ ಹಾಕಿಸುವುದು, ಹಾಸು ಸಿದ್ಧ ಮಾಡುವುದು ಅದಕ್ಕೂ ಮುಂಚಿನ ಕೆಲಸ. ಹೀಗೆ ಎಣಿಸುತ್ತ ಹೋದರೆ ಆಗಸ್ಟಿನ ಹಬ್ಬಕ್ಕೆ ಯಾವ ಬಣ್ಣ ಎಂಬುದನ್ನು ಮೇ ತಿಂಗಳಲ್ಲೇ ನಿರ್ಧರಿಸಬೇಕಾಗುತ್ತದೆ. ಖಾತೆಯ ಕ್ಯಾಲೆಂಡರು ಮಗ್ಗದ ಕ್ಯಾಲೆಂಡರಿನ ನೆರಳು ಎಂಬುದನ್ನು ಆ ಹುಡುಗಿ ಕಲಿತದ್ದು ಹೀಗೆ.

ಆ ವರ್ಷ ಆಷಾಢ ಮಾಸ ಜೂನ್‌ 26ರಿಂದ ಜುಲೈ 24ರವರೆಗೆ ಇತ್ತು. "ಆಷಾಢದಲ್ಲಿ ಯಾರಮ್ಮ ರೇಷ್ಮೆ ಸೀರೆ ತಗೊಳ್ತಾರೆ? ಆ ತಿಂಗಳು ಸುಮ್ನಿದ್ಬಿಡು" ಎಂದರು ಯಜಮಾನರು. ಅವಳು ಸುಮ್ಮನಿರಲಿಲ್ಲ. ಆಷಾಢದಲ್ಲಿ ಮದುವೆಗಳಿಲ್ಲ, ನಿಜ. ಆದರೆ ಶ್ರಾವಣಕ್ಕೆ ಬೇಕಾದದ್ದನ್ನು ಹೆಂಗಸರು ನೋಡಿಟ್ಟುಕೊಳ್ಳುವುದು ಆಗಲೇ. ವಾರಕ್ಕೆ ಮೂರು ಪೋಸ್ಟ್‌ ಎಂದು ಇಟ್ಟುಕೊಂಡಳು. ಸೋಮವಾರ ಮಗ್ಗದ ಮೇಲಿರುವ ಅರ್ಧ ಸೀರೆ. ಬುಧವಾರ ಅಂಚು, ಸೆರಗು, ಜರಿ ಗುರುತಿಸುವ ಒಂದು ವಿವರ. ಶುಕ್ರವಾರ ಇಳಿದ ಸೀರೆ, ಬೆಲೆಯ ಸಮೇತ. ಜುಲೈ 22ರ ನಂತರ ಹಬ್ಬಕ್ಕೆ ಕೊಳ್ಳಿ ಎನ್ನುವ ಪೋಸ್ಟ್‌ ಒಂದೂ ಇಲ್ಲ. ತಡವಾಗಿ ಆರ್ಡರು ತೆಗೆದುಕೊಂಡು, ಹಬ್ಬ ಕಳೆದ ಮೇಲೆ ಪಾರ್ಸೆಲ್‌ ತಲುಪಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಕ್ಯಾಲೆಂಡರಿಗೆ ಅವಳು ಬಳಸುವುದು ಗೂಗಲ್‌ ಶೀಟ್ಸ್‌. ದಿನಾಂಕ, ಚಿತ್ರ, ಬರಹ, ಬೆಲೆ, ಯಜಮಾನರು ಒಪ್ಪಿದ್ದಾರೆಯೇ, ಸೀರೆ ಇನ್ನೂ ಅಂಗಡಿಯಲ್ಲಿದೆಯೇ ಎಂಬ ಆರು ಅಂಕಣಗಳು. ಚಿತ್ರದ ಮೇಲೆ ಅಕ್ಷರ ಕೂರಿಸಲು ಕ್ಯಾನ್ವಾ. ಮುಂಚೆಯೇ ತುಂಬಿಟ್ಟು ನಿಗದಿತ ಹೊತ್ತಿಗೆ ತಾನಾಗಿ ಪ್ರಕಟವಾಗುವಂತೆ ಮಾಡಲು ಮೆಟಾ ಬಿಸಿನೆಸ್‌ ಸೂಟ್‌. ಇದು ಫೇಸ್‌ಬುಕ್‌, ಇನ್‌ಸ್ಟಾಗ್ರಾಂ ಎರಡಕ್ಕೂ ಒಟ್ಟಿಗೆ ಆಗುತ್ತದೆ, ಹಣ ಕೊಡಬೇಕಿಲ್ಲ. ವಿಚಾರಿಸುವವರಿಗೆ ಉತ್ತರ ಕೊಡಲು ವಾಟ್ಸಾಪ್‌ ಬಿಸಿನೆಸ್‌. ಉಪಕರಣಗಳ ಕಥೆ ಇಷ್ಟೇ. ದುಬಾರಿ ತಂತ್ರಾಂಶಗಳು ಹತ್ತಾರು ಖಾತೆ ನೋಡಿಕೊಳ್ಳುವ ಕಂಪನಿಗಳಿಗೆ ಬೇಕು, ಒಂದು ಅಂಗಡಿಗಲ್ಲ.

ಆರನೆಯ ಅಂಕಣ ಮೊದಲು ಇರಲಿಲ್ಲ. ಕೈಮಗ್ಗದ ಸೀರೆ ಬಹಳ ಸಲ ಒಂದೇ ಒಂದು ಇರುತ್ತದೆ. ಬುಧವಾರ ಅಂಗಡಿಯಲ್ಲಿ ಮಾರಿಹೋದ ಸೀರೆಯ ಚಿತ್ರ ಶುಕ್ರವಾರ ತಾನಾಗಿ ಪ್ರಕಟವಾಯಿತು. ಅದೇ ಸೀರೆ ಬೇಕೆಂದು ಕೇಳಿದವರಿಗೆಲ್ಲ ಇಲ್ಲ ಎನ್ನಬೇಕಾಯಿತು. ಮಾರುವುದಕ್ಕಲ್ಲ, ಮೋಸಕ್ಕೆ ಹಾಕಿದ್ದೀರಿ ಎಂದು ಒಬ್ಬರು ಬರೆದೂಬಿಟ್ಟರು. ಅಂದಿನಿಂದ ಬೆಳಿಗ್ಗೆ ಎದ್ದು ಮೊದಲು ನೋಡುವುದು ಆ ದಿನ ಹೋಗಬೇಕಾದ ಪೋಸ್ಟನ್ನು. ಯಂತ್ರಕ್ಕೆ ದಿನಾಂಕ ಗೊತ್ತು, ಅಂಗಡಿಯ ಕಪಾಟು ಗೊತ್ತಿಲ್ಲ.

ಇನ್ನು ಲೆಕ್ಕ. ಜೂನ್‌ 1ರಂದು ಖಾತೆಗೆ 1,800 ಹಿಂಬಾಲಕರು. ಜುಲೈ ಕೊನೆಗೆ ಹೊಸದಾಗಿ ಸೇರಿದವರು 420, ಬಿಟ್ಟುಹೋದವರು 90. ನಿವ್ವಳ 330. ಅಂದರೆ ಎರಡು ತಿಂಗಳಲ್ಲಿ ಶೇ. 18ರಷ್ಟು ಬೆಳವಣಿಗೆ. ಸೇರಿದವರನ್ನಷ್ಟೇ ತೋರಿಸಿ ಶೇ. 23 ಎನ್ನುವವರೂ ಇದ್ದಾರೆ. ತೊಟ್ಟಿಗೆ ಬಿದ್ದ ನೀರನ್ನು ಅಳೆದು ಸೋರಿದ್ದನ್ನು ಬಿಟ್ಟ ಹಾಗೆ.

ಹಿಂಬಾಲಕರು ಇದ್ದರೆ ಸಾಲದು, ಅವರು ನೋಡಿ ಏನಾದರೂ ಮಾಡುತ್ತಾರೆಯೇ ಎಂಬುದು ಮುಖ್ಯ. ಅದಕ್ಕೆ ಎಂಗೇಜ್‌ಮೆಂಟ್‌ ದರ ಎನ್ನುತ್ತಾರೆ. ಒಂದು ಶುಕ್ರವಾರದ ಪೋಸ್ಟಿಗೆ ಬಂದ ಲೈಕ್‌ 92, ಕಾಮೆಂಟ್‌ 11, ಉಳಿಸಿಟ್ಟುಕೊಂಡವರು 31, ಬೇರೆಯವರಿಗೆ ಕಳುಹಿಸಿದವರು 10. ಒಟ್ಟು 144. ಇದನ್ನು ಹಿಂಬಾಲಕರ ಸಂಖ್ಯೆ 1,800ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ. 8. ಆದರೆ ಆ ಪೋಸ್ಟನ್ನು ಒಟ್ಟು 2,400 ಜನ ನೋಡಿದ್ದರು. ನೋಡಿದವರಿಂದ ಭಾಗಿಸಿದರೆ ಶೇ. 6. ಎರಡೂ ಸರಿ. ಛೇದ ಬದಲಾದರೆ ಉತ್ತರ ಬದಲಾಗುತ್ತದೆ ಎಂಬ ಏಳನೆಯ ತರಗತಿಯ ಪಾಠವೇ ಇದು. ಯಾವ ಛೇದ ಎಂದು ಹೇಳದೆ ಬರೀ ದರ ತೋರಿಸುವ ವರದಿಯನ್ನು ನಂಬಬಾರದು.

ಛೇದ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಅದೇ ಖಾತೆಯ ಒಂದು ವಿಡಿಯೊ ಸಾಕ್ಷಿ. ಲಾಳಿ ಓಡುವ ಸದ್ದಿನ ಇಪ್ಪತ್ತು ಸೆಕೆಂಡಿನ ತುಣುಕು ಯಾಕೋ ಎಲ್ಲೆಲ್ಲಿಗೋ ಹೋಗಿ 60,000 ಜನರನ್ನು ತಲುಪಿತು. 900 ಪ್ರತಿಕ್ರಿಯೆ. ಹಿಂಬಾಲಕರಿಂದ ಭಾಗಿಸಿದರೆ ಶೇ. 50! ಯಜಮಾನರು ಪೇಡ ಹಂಚಲು ಹೊರಟಿದ್ದರು. ತಲುಪಿದವರಿಂದ ಭಾಗಿಸಿದರೆ ಶೇ. 1.5 ಮಾತ್ರ. ನೋಡಿದವರಲ್ಲಿ ಬಹುಪಾಲು ಸೀರೆಯನ್ನೇ ಉಡದ ಊರುಗಳವರು.

ಇಲ್ಲಿ ಅವಳು ಒಂದು ಸರಳ ಕೆಲಸ ಮಾಡಿದಳು. ವಾಟ್ಸಾಪಿನಲ್ಲಿ ವಿಚಾರಿಸಿದ ಪ್ರತಿಯೊಬ್ಬರನ್ನೂ "ನಮ್ಮ ಯಾವ ಪೋಸ್ಟ್‌ ನೋಡಿ ಬಂದ್ರಿ?" ಎಂದು ಕೇಳಿ ಬರೆದಿಟ್ಟಳು. ಎರಡು ತಿಂಗಳಲ್ಲಿ ವಿಚಾರಣೆ 76, ಮಾರಾಟ 19. ಜೋರಾಗಿ ಓಡಿದ ವಿಡಿಯೊದಿಂದ ಬಂದ ವಿಚಾರಣೆ 22, ಮಾರಾಟ ಒಂದು. ಸೋಮವಾರದ ಅರ್ಧ ಸೀರೆಯ ಚಿತ್ರಗಳಿಂದ ವಿಚಾರಣೆ 30, ಮಾರಾಟ 12. ಉಳಿದ ಪೋಸ್ಟುಗಳಿಂದ ವಿಚಾರಣೆ 24, ಮಾರಾಟ ಆರು. ಸೋಮವಾರದ ಚಿತ್ರಗಳಿಗೆ ಲೈಕ್‌ ಕಡಿಮೆ, ಆದರೆ ಉಳಿಸಿಟ್ಟುಕೊಂಡವರು ಹೆಚ್ಚು. ಲೈಕ್‌ ಒತ್ತುವುದು ದಾರಿಯಲ್ಲಿ ಸಿಕ್ಕವರಿಗೆ ನಮಸ್ಕಾರ ಹೇಳಿದ ಹಾಗೆ. ಉಳಿಸಿಟ್ಟುಕೊಳ್ಳುವುದು ಅಂಗಡಿಯಲ್ಲಿ ಸೀರೆ ಬಿಚ್ಚಿಸಿ ನೋಡಿ, ನಾಳೆ ಬರ್ತೀನಿ ಎಂದ ಹಾಗೆ. ಹತ್ತೊಂಬತ್ತು ಸೀರೆ ಸಣ್ಣ ಸಂಖ್ಯೆ, ಇದರಿಂದ ಕಾಯಂ ನಿಯಮ ಮಾಡಲಾಗದು ಎಂಬುದೂ ಅವಳಿಗೆ ಗೊತ್ತಿತ್ತು. ದಸರಾವರೆಗೆ ಹಾಗೆಯೇ ಬರೆಯುತ್ತ ಹೋಗಲು ತೀರ್ಮಾನಿಸಿದಳು.

ಚಳ್ಳಕೆರೆಯ ಎಣ್ಣೆ ಗಾಣದ ಖಾತೆಯೊಂದನ್ನೂ ಅವಳು ಕೆಲಕಾಲ ನೋಡಿಕೊಂಡಳು. ಹಿಂಡಿ ಕೊಳ್ಳುವ ರೈತರು ಫೋನು ಮಾಡಿ ದರ ಕೇಳುತ್ತಾರೆ, ಚಿತ್ರ ನೋಡುವುದಿಲ್ಲ. ವಾಟ್ಸಾಪಿನಲ್ಲಿ ದಿನದ ದರ ಕಳುಹಿಸಿದರೆ ಸಾಕು, ಇನ್‌ಸ್ಟಾಗ್ರಾಂ ಬೇಡ ಎಂದು ತಾನೇ ಹೇಳಿ ಆ ಕೆಲಸ ಬಿಟ್ಟಳು.

ಆಗಸ್ಟಿನಲ್ಲಿ ಯಜಮಾನರ ಫೋನಿಗೆ ಒಂದು ಸಂದೇಶ ಬಂತು. ಕೆಲವೇ ಸಾವಿರ ರೂಪಾಯಿಗೆ 10,000 ಹಿಂಬಾಲಕರು! ಪಕ್ಕದ ಬೀದಿಯ ಅಂಗಡಿಗೆ ಆಗಲೇ 14,000 ಇದ್ದಾರೆ ಎಂಬುದು ಅವರ ಸಂಕಟ. ಹುಡುಗಿ ಆ ಅಂಗಡಿಯ ಖಾತೆ ತೆರೆದು ಎದುರಿಗಿಟ್ಟಳು. ಹೊರಗಿನವರಿಗೂ ಲೈಕ್‌, ಕಾಮೆಂಟ್‌ ಕಾಣುತ್ತವೆ. ಒಂದು ಪೋಸ್ಟಿಗೆ ಸರಾಸರಿ ಎರಡೂ ಸೇರಿ 70. ಅಂದರೆ ಶೇ. 0.5. ನಮ್ಮದರಲ್ಲಿ ಆ ಎರಡನ್ನೇ ಎಣಿಸಿದರೂ 103, ಶೇ. 5.7. 10,000 ಕೊಂಡು ಸೇರಿಸಿದರೆ ಛೇದ 11,800 ಆಗುತ್ತದೆ, ಅಂಶ 103ರಲ್ಲೇ ನಿಲ್ಲುತ್ತದೆ. ಅಲ್ಲಿಗೆ ಶೇ. 0.9.

ಕೊಂಡ ಹಿಂಬಾಲಕರನ್ನು ಪತ್ತೆ ಮಾಡುವುದು ಕಷ್ಟವಲ್ಲ. ಸಂಖ್ಯೆ ಒಂದೇ ರಾತ್ರಿಯಲ್ಲಿ ಸಾವಿರಗಟ್ಟಲೆ ಏರಿ, ನೋಡಿದವರ ಸಂಖ್ಯೆ ಮಾತ್ರ ಅಲ್ಲಾಡುವುದಿಲ್ಲ. ಯಾವ ಊರಿನವರು ಎಂದು ಖಾತೆಯ ಅಂಕಿಅಂಶದ ಪುಟ ತೋರಿಸುತ್ತದೆ. ಅಲ್ಲಿ ಬೆಂಗಳೂರು, ದಾವಣಗೆರೆ, ಬಳ್ಳಾರಿ ಇರಬೇಕಾದ ಜಾಗದಲ್ಲಿ ಯಾವುದೋ ಖಂಡದ ಊರಿನ ಹೆಸರು ಬರುತ್ತದೆ. ಇಂಥ ಖಾತೆಗಳು ಉಳಿಯುವ ಭರವಸೆಯೂ ಇಲ್ಲ. 2014ರ ಡಿಸೆಂಬರಿನಲ್ಲಿ ಇನ್‌ಸ್ಟಾಗ್ರಾಂ ನಕಲಿ ಖಾತೆಗಳನ್ನು ಅಳಿಸಿದಾಗ ಆ ಸಂಸ್ಥೆಯ ಸ್ವಂತ ಖಾತೆಯೇ ಒಂದು ಕೋಟಿ ಎಂಬತ್ತು ಲಕ್ಷಕ್ಕೂ ಹೆಚ್ಚು ಹಿಂಬಾಲಕರನ್ನು ಕಳೆದುಕೊಂಡಿತ್ತು.

ಯಜಮಾನರು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಿದ್ದರು. "ಆ ದುಡ್ಡಿಗೆ ಏನ್ ಮಾಡೋಣ ಅಂತೀಯ?" ಅಕ್ಟೋಬರ್‌ 2ಕ್ಕೆ ವಿಜಯದಶಮಿ. ಅವಳು ಹಾಳೆಯಲ್ಲಿ ಆ ದಿನಾಂಕ ಬರೆದು, ದರ್ಜಿಯ ಹತ್ತು ದಿನ, ಪಾರ್ಸೆಲಿನ ಐದು ದಿನ ಕಳೆದು, ಸೆಪ್ಟೆಂಬರ್‌ ನಡುವೆ ಗೆರೆ ಎಳೆದಳು. "ನೇಕಾರರನ್ನ ಕೇಳಿ ಹೇಳಿ ಸಾರ್‌, ಅಷ್ಟರೊಳಗೆ ಇನ್ನೂ ಎಷ್ಟು ಸೀರೆ ಇಳಿಯುತ್ತೆ? ನೂಲಿಗೆ ಮುಂಗಡ ಅದರಲ್ಲೇ ಕೊಡಬಹುದು."